ವಿರೋಧವಿರುವ ಸಭೆಯಲ್ಲಿ ಅತಿಥಿ ಪರಿಚಯ: ಸಮಗ್ರ ಮಾರ್ಗದರ್ಶಿ

ನಮ್ಮ ಸಭೆಗಳಲ್ಲಿ ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ ನುಡಿ ಮುಗಿದ ಮೇಲೆ ಬರುವ ಅತಿಥಿ ಪರಿಚಯ ಹೆಚ್ಚೆಂದರೆ ಎರಡು ಮೂರು ನಿಮಿಷದ ಕೆಲಸ. ಸಭಿಕರೆಲ್ಲರೂ ಅತಿಥಿಯನ್ನು ಮೆಚ್ಚುವವರಾಗಿದ್ದರೆ ಅಲ್ಲಿ ಒಂದೆರಡು ವಿಶೇಷಣ ಹೆಚ್ಚಾದರೂ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಆದರೆ ಸಭೆಯ ಒಂದು ಭಾಗ ಅತಿಥಿಯ ನಿಲುವನ್ನು ಒಪ್ಪದೆ, ಪ್ರಶ್ನೆಗಳನ್ನು ಸಿದ್ಧಪಡಿಸಿಕೊಂಡೇ ಬಂದಿರುವಾಗ, ಆ ಭಾಗದ ಜನ ಪರಿಚಯದ ಪ್ರತಿಯೊಂದು ಮಾತನ್ನೂ ‘ಈ ಸಂಸ್ಥೆ ಯಾರ ಪರ ನಿಂತಿದೆ’ ಎಂಬ ಪ್ರಶ್ನೆಗೆ ಉತ್ತರವಾಗಿ ಕೇಳಿಸಿಕೊಳ್ಳುತ್ತಾರೆ. ಅತಿಥಿಯೂ ಅದನ್ನೇ ಗಮನಿಸುತ್ತಿರುತ್ತಾರೆ. ಇಂಥ ಸಭೆಯಲ್ಲಿ ಪರಿಚಯ ಹೇಗಿರಬೇಕು ಎಂಬುದನ್ನು ಒಂದೇ ಉದಾಹರಣೆಯನ್ನು ಮೊದಲಿನಿಂದ ಕೊನೆಯವರೆಗೆ ಇಟ್ಟುಕೊಂಡು ನೋಡೋಣ.

ಮಲೆನಾಡಿನ ತಾಲ್ಲೂಕು ಕೇಂದ್ರವೊಂದರ ಕಾಲೇಜು ಪಶ್ಚಿಮ ಘಟ್ಟದ ವರದಿಗಳ ಕುರಿತು ಉಪನ್ಯಾಸ ಏರ್ಪಡಿಸಿದೆ ಎಂದುಕೊಳ್ಳೋಣ. ಅತಿಥಿಯಾಗಿ ಬರುವವರು ಸಸ್ಯಶಾಸ್ತ್ರ ಬೋಧಿಸಿ ನಿವೃತ್ತರಾದ ಪ್ರಾಧ್ಯಾಪಕಿ. ಘಟ್ಟದ ಸೂಕ್ಷ್ಮ ಭಾಗಗಳಿಗೆ ಕಾನೂನಿನ ರಕ್ಷಣೆ ಬೇಕೆನ್ನುವವರು. ಸಭಾಂಗಣದ ಅರ್ಧದಷ್ಟು ಆಸನಗಳಲ್ಲಿ ಅಡಿಕೆ, ಕಾಫಿ, ಏಲಕ್ಕಿ ಬೆಳೆಗಾರರಿರುತ್ತಾರೆ, ಮತ್ತು ಅವರಲ್ಲಿ ಬಹುಮಂದಿ ಈ ವರದಿಗಳ ವಿರುದ್ಧದ ಪ್ರತಿಭಟನೆಗಳಲ್ಲಿ ಕುಳಿತವರು.

ಹಿನ್ನೆಲೆ ಬಲ್ಲವರಿಗೂ ನೆನಪಿಗಾಗಿ ನಾಲ್ಕು ಮಾತು. ಮಾಧವ ಗಾಡ್ಗೀಳ್ ಅವರ ಅಧ್ಯಕ್ಷತೆಯ ಸಮಿತಿ 2011ರಲ್ಲಿ ನೀಡಿದ ವರದಿಯು ಇಡೀ ಘಟ್ಟವನ್ನು ಪರಿಸರ ಸೂಕ್ಷ್ಮವೆಂದು ಪರಿಗಣಿಸಿ ಮೂರು ವಲಯಗಳಾಗಿ ವಿಂಗಡಿಸಿತ್ತು. ಕೆ. ಕಸ್ತೂರಿರಂಗನ್ ಅವರ ನೇತೃತ್ವದ ಕಾರ್ಯತಂಡ 2013ರಲ್ಲಿ ಆ ವ್ಯಾಪ್ತಿಯನ್ನು ಘಟ್ಟದ ಸುಮಾರು ಶೇ 37ಕ್ಕೆ ಇಳಿಸಿತು. ಅದರ ಆಧಾರದ ಮೇಲೆ ಕೇಂದ್ರ ಸರ್ಕಾರ 2014ರಿಂದ ಮತ್ತೆ ಮತ್ತೆ ಕರಡು ಅಧಿಸೂಚನೆ ಹೊರಡಿಸುತ್ತ ಬಂದಿದೆ. 2024ರ ಜುಲೈ 31ರ ಕರಡಿನಲ್ಲಿ ಕರ್ನಾಟಕದ 20,668 ಚದರ ಕಿಲೋಮೀಟರ್ ಸೇರಿತ್ತು, ಮತ್ತು ಅದೇ ವರ್ಷದ ಸೆಪ್ಟೆಂಬರಿನಲ್ಲಿ ರಾಜ್ಯ ಸಚಿವ ಸಂಪುಟ ಕಸ್ತೂರಿರಂಗನ್ ವರದಿಯನ್ನು ತಿರಸ್ಕರಿಸುವ ತೀರ್ಮಾನ ಕೈಗೊಂಡಿತು. ಇದರಲ್ಲಿ ಎಷ್ಟನ್ನು ಪರಿಚಯದಲ್ಲಿ ಹೇಳಬೇಕು, ಎಷ್ಟನ್ನು ಹೇಳಬಾರದು ಎಂಬುದೇ ಮುಂದಿನ ಪ್ರಶ್ನೆಗಳಲ್ಲೆಲ್ಲ ಕಠಿಣವಾದದ್ದು.

ಮೊದಲು ತೀರ್ಮಾನಿಸಬೇಕಾದದ್ದು: ಪರಿಚಯ ಮಾಡುವವರು ಯಾರು

ವರದಿಯ ಪರವಾಗಿಯಾಗಲಿ ವಿರುದ್ಧವಾಗಿಯಾಗಲಿ ಊರಿನಲ್ಲಿ ಬಹಿರಂಗವಾಗಿ ಮಾತನಾಡಿದವರು ಪರಿಚಯ ಮಾಡಬಾರದು. ಅವರು ಎಷ್ಟೇ ಸಮತೋಲನದ ಮಾತು ಬರೆದುಕೊಂಡು ಬಂದರೂ ಸಭಿಕರು ಅದನ್ನು ಅವರ ಹಳೆಯ ಮಾತಿನ ಜೊತೆಗಿಟ್ಟೇ ಕೇಳುತ್ತಾರೆ. ಬೆಳೆಗಾರರ ಸಂಘದ ಪದಾಧಿಕಾರಿಯೊಬ್ಬರಿಂದಲೇ ಪರಿಚಯ ಮಾಡಿಸಿದರೆ ಸಭೆ ಶಾಂತವಾಗಿರುತ್ತದೆ ಎಂಬ ಸಲಹೆ ಸಾಮಾನ್ಯವಾಗಿ ಬರುತ್ತದೆ. ನನ್ನ ಅಭಿಪ್ರಾಯದಲ್ಲಿ ಅದು ಸರಿಯಾದ ದಾರಿಯಲ್ಲ, ಏಕೆಂದರೆ ಆ ವ್ಯಕ್ತಿ ತನ್ನವರ ಮುಂದೆ ಮುಜುಗರಕ್ಕೆ ಒಳಗಾಗಬೇಕಾಗುತ್ತದೆ, ಇಲ್ಲವೇ ಪರಿಚಯದ ಹೆಸರಿನಲ್ಲಿ ಆಕ್ಷೇಪವನ್ನೇ ಹೇಳಬೇಕಾಗುತ್ತದೆ. ಈ ವಿಷಯದಲ್ಲಿ ಪಕ್ಷ ವಹಿಸದ, ಎರಡೂ ಕಡೆಯವರಿಗೆ ಮುಖಪರಿಚಯವಿರುವ ಅಧ್ಯಾಪಕರು ಇದಕ್ಕೆ ಹೆಚ್ಚು ತಕ್ಕವರು.

ಇದರ ಜೊತೆಗೇ ಪ್ರಾಸ್ತಾವಿಕ ನುಡಿ ಮತ್ತು ಅತಿಥಿ ಪರಿಚಯಗಳ ಗಡಿಯನ್ನು ಗುರುತಿಸಿಕೊಳ್ಳಬೇಕು. ಈ ವಿಷಯವನ್ನು ಏಕೆ ಆರಿಸಿಕೊಂಡೆವು, ವರದಿಗಳ ಇತಿಹಾಸವೇನು ಎಂಬುದು ಪ್ರಾಸ್ತಾವಿಕ ನುಡಿಗೆ ಸೇರಿದ್ದು. ಮಾತನಾಡಲಿರುವವರು ಯಾರು, ಯಾವ ಅನುಭವದಿಂದ ಮಾತನಾಡುತ್ತಾರೆ, ಅವರ ನಿಲುವೇನು ಎಂಬುದಷ್ಟೇ ಪರಿಚಯಕ್ಕೆ ಸೇರಿದ್ದು. ಇವೆರಡನ್ನೂ ಒಬ್ಬರೇ ಮಾಡುವಾಗ ಅವು ಒಂದರೊಳಗೊಂದು ಬೆರೆತು, ವರದಿಯ ಇತಿಹಾಸ ಹೇಳುತ್ತ ಹೇಳುತ್ತ ಅತಿಥಿಯ ವಾದವನ್ನು ಪರಿಚಯ ಮಾಡುವವರೇ ಮಂಡಿಸಿಬಿಡುವ ಅಪಾಯವಿದೆ.

ಅತಿಥಿಯೊಡನೆ ಮಾತುಕತೆ

ಸಭೆಗೆ ಕನಿಷ್ಠ ಒಂದು ವಾರ ಇರುವಾಗ ಅತಿಥಿಗೆ ಫೋನ್ ಮಾಡಿ ಮಾತನಾಡಬೇಕು. ಅವರು ಕಳುಹಿಸುವ ಪರಿಚಯ ಪತ್ರ ಸಾಮಾನ್ಯವಾಗಿ ಎರಡು ಮೂರು ಪುಟಗಳಷ್ಟಿದ್ದು ಪ್ರಶಸ್ತಿಗಳ ಪಟ್ಟಿಯಿಂದ ತುಂಬಿರುತ್ತದೆ. ಅದರಿಂದ ಪರಿಚಯ ಬರೆಯಲಾಗದು. ಫೋನಿನಲ್ಲಿ ಮೊದಲು ಕೇಳಬೇಕಾದದ್ದು, ತಮ್ಮನ್ನು ಯಾವ ಹುದ್ದೆ ಅಥವಾ ಕೆಲಸದ ಹೆಸರಿನಿಂದ ಕರೆಯಬೇಕು ಎಂಬುದು. ಪ್ರಾಧ್ಯಾಪಕಿ ಎನ್ನುವುದು, ಪರಿಸರ ಹೋರಾಟಗಾರ್ತಿ ಎನ್ನುವುದು, ಪರಿಸರ ತಜ್ಞೆ ಎನ್ನುವುದು ಈ ಸಭೆಯಲ್ಲಿ ಮೂರು ಬೇರೆ ಬೇರೆ ಮಾತುಗಳು. ಎರಡನೆಯದನ್ನು ಕೇಳಿದ ಬೆಳೆಗಾರರಿಗೆ ಎದುರಾಳಿ ಕಾಣುತ್ತಾರೆ. ಮೂರನೆಯದನ್ನು ಕೇಳಿದಾಗ, ವಿಷಯದಲ್ಲಿ ಕೊನೆಯ ಮಾತು ಇವರದೇ ಎಂದು ಸಂಘಟಕರು ಮೊದಲೇ ತೀರ್ಪು ನೀಡಿದಂತಾಗುತ್ತದೆ. ಅವರು ಮಾಡಿದ ಕೆಲಸವನ್ನು ನೇರವಾಗಿ ಹೇಳುವ ಮೊದಲನೆಯದೇ ಒಳ್ಳೆಯದು.

ಎರಡನೆಯದಾಗಿ, ಸಭೆಯಲ್ಲಿ ಯಾರಿರುತ್ತಾರೆ ಎಂಬುದನ್ನು ಅವರಿಗೆ ಮುಚ್ಚುಮರೆಯಿಲ್ಲದೆ ತಿಳಿಸಬೇಕು. ಬೆಳೆಗಾರರು ಬರುತ್ತಾರೆ, ಅವರ ಮುಖ್ಯ ಆತಂಕಗಳು ಇಂಥವು, ಸಂವಾದಕ್ಕೆ ಇಷ್ಟು ಸಮಯವಿದೆ ಎಂದು ಹೇಳದೆ ಕರೆಸುವುದು ಅತಿಥಿಗೆ ಮಾಡುವ ಅನ್ಯಾಯ. ಮೂರನೆಯದು ಇಡೀ ಸಿದ್ಧತೆಯ ತಿರುಳು: ಅವರ ನಿಲುವನ್ನು ಒಂದೇ ವಾಕ್ಯದಲ್ಲಿ ಬರೆದುಕೊಂಡು, ಅದನ್ನು ಅವರಿಗೇ ಓದಿ ಹೇಳಿ, ‘ಹೌದು, ನಾನು ಹೇಳುವುದು ಇದನ್ನೇ’ ಎಂಬ ಒಪ್ಪಿಗೆ ಪಡೆಯಬೇಕು.

ನಮ್ಮ ಉದಾಹರಣೆಯಲ್ಲಿ ಮೊದಲ ಕರಡು ‘ಇವರು ಕಸ್ತೂರಿರಂಗನ್ ವರದಿಯ ಬೆಂಬಲಿಗರು’ ಎಂದಿತ್ತು ಎಂದುಕೊಳ್ಳಿ. ಓದಿ ಹೇಳಿದಾಗ ಪ್ರಾಧ್ಯಾಪಕಿ ಅದನ್ನು ಒಪ್ಪುವುದಿಲ್ಲ. ಹಳ್ಳಿಗಳ ಪಟ್ಟಿಯನ್ನು ಮೇಲಿನಿಂದ ನಿರ್ಧರಿಸಿದ ಕ್ರಮಕ್ಕೆ ಅವರದೇ ತಕರಾರಿದೆ. ಗಣಿಗಾರಿಕೆ, ಕಲ್ಲು ಕ್ವಾರಿ, ಮರಳು ಗಣಿಗಾರಿಕೆಗಳ ನಿರ್ಬಂಧವನ್ನು ಅವರು ಬೆಂಬಲಿಸುತ್ತಾರೆ, ಗಡಿಯನ್ನು ಮಾತ್ರ ಗ್ರಾಮಸಭೆಗಳಲ್ಲಿ ಚರ್ಚಿಸಿ ನಿರ್ಧರಿಸಬೇಕು ಎನ್ನುತ್ತಾರೆ. ಈಗ ಹೊಸ ವಾಕ್ಯ ಹೀಗಾಗುತ್ತದೆ: ‘ಘಟ್ಟದ ಸೂಕ್ಷ್ಮ ಭಾಗಗಳಲ್ಲಿ ಗಣಿ ಮತ್ತು ಕ್ವಾರಿಗಳಿಗೆ ಕಾನೂನಿನ ನಿರ್ಬಂಧ ಬೇಕು, ಆ ಭಾಗಗಳ ಗಡಿಯನ್ನು ಗ್ರಾಮಸಭೆಗಳಲ್ಲಿ ಚರ್ಚಿಸಿ ಗುರುತಿಸಬೇಕು ಎಂಬುದು ಅವರ ನಿಲುವು.’ ಮೊದಲಿನ ವಾಕ್ಯವನ್ನೇ ವೇದಿಕೆಯಲ್ಲಿ ಓದಿದ್ದರೆ, ಅವರು ತಮ್ಮ ಮಾತಿನ ಮೊದಲ ಹತ್ತು ನಿಮಿಷಗಳನ್ನು ಅದನ್ನು ತಿದ್ದುವುದರಲ್ಲೇ ಕಳೆಯಬೇಕಾಗುತ್ತಿತ್ತು, ಮತ್ತು ಸಭೆಯ ಅರ್ಧ ಭಾಗ ಆ ಹೊತ್ತಿಗೆ ಕೇಳುವುದನ್ನು ನಿಲ್ಲಿಸಿರುತ್ತಿತ್ತು.

ವಿರೋಧಿಸುವವರ ಮಾತು ಕೇಳುವುದು

ಬೆಳೆಗಾರರಲ್ಲಿ ಎಲ್ಲರೂ ಗೌರವಿಸುವ ಒಬ್ಬಿಬ್ಬರನ್ನು ಮುಂಚಿತವಾಗಿ ಭೇಟಿಯಾಗುವುದು ಪರಿಚಯದಲ್ಲಿ ಅವರ ಆಕ್ಷೇಪವನ್ನು ಸೇರಿಸುವುದಕ್ಕಲ್ಲ. ಯಾವ ಮಾತು ಅವರಿಗೆ ಎಲ್ಲಿ ತಾಗುತ್ತದೆ ಎಂಬುದನ್ನು ತಿಳಿಯಲು. ‘ಕಾಡು ಉಳಿಸುವವರು’ ಎಂದು ಅತಿಥಿಯನ್ನು ಕರೆದರೆ, ತಲೆಮಾರುಗಳಿಂದ ಸೊಪ್ಪಿನ ಬೆಟ್ಟವನ್ನೂ ಕಾಫಿ ತೋಟದ ನೆರಳಿನ ಮರಗಳನ್ನೂ ಕಾಪಾಡಿಕೊಂಡು ಬಂದವರು ‘ಹಾಗಾದರೆ ನಾವು ಕಾಡು ಕಡಿಯುವವರೇ’ ಎಂದು ಕೇಳುತ್ತಾರೆ. ಆ ಪ್ರಶ್ನೆ ನ್ಯಾಯವಾದದ್ದು. ‘ಜಾಗೃತಿ ಮೂಡಿಸಲು ಬಂದಿದ್ದಾರೆ’ ಎಂಬ, ನಮ್ಮ ವೇದಿಕೆಗಳಲ್ಲಿ ಸಲೀಸಾಗಿ ಬರುವ ಮಾತು ಕೂಡ ಹೀಗೆಯೇ ತಾಗುತ್ತದೆ. ಅದು ಸಭಿಕರಿಗೆ ವಿಷಯವೇ ಗೊತ್ತಿಲ್ಲ ಎಂದು ಹೇಳಿದಂತೆ. ಮನೆ ಕಟ್ಟಲು, ರಸ್ತೆ ಅಗಲಿಸಲು, ಬಗರ್ ಹುಕುಂ ಭೂಮಿಯ ಹಕ್ಕುಪತ್ರ ಪಡೆಯಲು ಅಡ್ಡಿಯಾದೀತು ಎಂಬ ಅವರ ಆತಂಕ ಸಂವಾದದಲ್ಲಿ ಅವರ ಬಾಯಿಂದಲೇ ಬರಬೇಕು, ಅದಕ್ಕೆ ಸಾಕಷ್ಟು ಸಮಯವಿದೆ ಎಂಬ ಭರವಸೆಯನ್ನು ಈ ಭೇಟಿಯಲ್ಲೇ ಕೊಡಬೇಕು. ಆ ಭರವಸೆ ಇಲ್ಲದವರು ಪರಿಚಯದ ನಡುವೆಯೇ ಎದ್ದು ನಿಲ್ಲುತ್ತಾರೆ.

ಬರವಣಿಗೆ

ವೇದಿಕೆಯಲ್ಲಿ ನಿಧಾನವಾಗಿ ಓದಿದರೆ ಎರಡು ನಿಮಿಷಕ್ಕೆ ಸುಮಾರು 180 ಪದಗಳು ಸಾಕು. ಇಂಥ ಸಭೆಯಲ್ಲಿ ಅದಕ್ಕಿಂತ ಹೆಚ್ಚು ಬೇಡ. ಕ್ರಮವೂ ಮುಖ್ಯ. ಮೊದಲು ಹೆಸರು ಮತ್ತು ಕೆಲಸ, ಆಮೇಲೆ ಈ ವಿಷಯಕ್ಕೂ ಅವರಿಗೂ ಇರುವ ಸಂಬಂಧ, ಆಮೇಲೆ ಒಪ್ಪಿಗೆ ಪಡೆದ ಆ ಒಂದು ವಾಕ್ಯ, ಆಮೇಲೆ ಭಿನ್ನಾಭಿಪ್ರಾಯವಿದೆ ಎಂಬ ಒಂದೇ ಒಂದು ಮಾತು, ಕೊನೆಯಲ್ಲಿ ಸಂವಾದದ ಕ್ರಮ. ನಿಲುವನ್ನು ಮೊದಲು ಹೇಳಿ ಹಿನ್ನೆಲೆಯನ್ನು ಆಮೇಲೆ ಹೇಳಿದರೆ, ಹಿನ್ನೆಲೆ ಆ ನಿಲುವಿನ ಸಮರ್ಥನೆಯಂತೆ ಕೇಳಿಸುತ್ತದೆ.

ಉದಾಹರಣೆಯ ಪರಿಚಯವನ್ನು ಪೂರ್ತಿಯಾಗಿ ಇಲ್ಲಿ ಕೊಡುತ್ತೇನೆ. ಹೆಸರಿನ ಜಾಗದಲ್ಲಿ ‘ಇಂದಿನ ಅತಿಥಿ’ ಎಂದಿಟ್ಟಿದ್ದೇನೆ.

“ಎಲ್ಲರಿಗೂ ನಮಸ್ಕಾರ. ಇಂದಿನ ಅತಿಥಿ ಸಸ್ಯಶಾಸ್ತ್ರದ ನಿವೃತ್ತ ಪ್ರಾಧ್ಯಾಪಕಿಯವರು. ಪದವಿ ಮತ್ತು ಸ್ನಾತಕೋತ್ತರ ತರಗತಿಗಳಿಗೆ ಹಲವು ವರ್ಷ ಪಾಠ ಹೇಳಿದ್ದಾರೆ. ಘಟ್ಟದ ನಿತ್ಯಹರಿದ್ವರ್ಣ ಕಾಡುಗಳ ಮರಗಳನ್ನು ಕುರಿತು ಅಧ್ಯಯನ ಮಾಡಿದ್ದಾರೆ. ಪಶ್ಚಿಮ ಘಟ್ಟದ ಎರಡೂ ವರದಿಗಳನ್ನು ಕುರಿತು ಲೇಖನಗಳನ್ನು ಬರೆದಿದ್ದಾರೆ. ಘಟ್ಟದ ಸೂಕ್ಷ್ಮ ಭಾಗಗಳಲ್ಲಿ ಗಣಿ ಮತ್ತು ಕ್ವಾರಿಗಳಿಗೆ ಕಾನೂನಿನ ನಿರ್ಬಂಧ ಬೇಕು, ಆ ಭಾಗಗಳ ಗಡಿಯನ್ನು ಗ್ರಾಮಸಭೆಗಳಲ್ಲಿ ಚರ್ಚಿಸಿ ಗುರುತಿಸಬೇಕು ಎಂಬುದು ಅವರ ನಿಲುವು. ಈ ವಿಷಯದಲ್ಲಿ ನಮ್ಮ ತಾಲ್ಲೂಕಿನಲ್ಲಿ ಬೇರೆ ಬೇರೆ ಅಭಿಪ್ರಾಯಗಳಿವೆ, ಮತ್ತು ಆ ಅಭಿಪ್ರಾಯಗಳನ್ನು ಹೊಂದಿದವರು ಇಂದು ಈ ಸಭೆಯಲ್ಲಿದ್ದಾರೆ. ಅತಿಥಿಗಳು ನಲವತ್ತು ನಿಮಿಷ ಮಾತನಾಡುತ್ತಾರೆ. ಬಳಿಕ ನಲವತ್ತು ನಿಮಿಷ ಸಂವಾದವಿರುತ್ತದೆ. ಪ್ರಶ್ನೆಯನ್ನಾಗಲಿ ಆಕ್ಷೇಪವನ್ನಾಗಲಿ ಎರಡು ನಿಮಿಷದೊಳಗೆ ಹೇಳಬಹುದು. ಪ್ರತಿಯೊಂದಕ್ಕೂ ಅತಿಥಿಗಳು ಉತ್ತರಿಸುತ್ತಾರೆ. ಈಗ ಅವರು ಮಾತನಾಡಬೇಕೆಂದು ಕೋರುತ್ತೇನೆ.”

ಭಿನ್ನಾಭಿಪ್ರಾಯದ ವಾಕ್ಯವನ್ನು ಗಮನಿಸಿ. ಅಲ್ಲಿ ‘ಕೆಲವರ ವಿರೋಧವಿದೆ’ ಎಂದಿಲ್ಲ, ‘ತೀವ್ರ ವಿರೋಧವಿದೆ’ ಎಂದೂ ಇಲ್ಲ. ಮೊದಲನೆಯದು ವಿರೋಧಿಸುವವರನ್ನು ಚಿಕ್ಕ ಗುಂಪಾಗಿಸುತ್ತದೆ, ಎರಡನೆಯದು ಅತಿಥಿಯನ್ನು ಒಂಟಿಯಾಗಿಸುತ್ತದೆ. ಈ ಮಾತನ್ನು ಪೂರ್ತಿ ಬಿಟ್ಟುಬಿಡುವುದೂ ಸರಿಯಲ್ಲ. ಸಭಾಂಗಣದಲ್ಲಿ ಎಲ್ಲರಿಗೂ ಗೊತ್ತಿರುವುದನ್ನು ವೇದಿಕೆ ಮಾತ್ರ ಕಾಣದಂತೆ ನಟಿಸಿದರೆ ಅದನ್ನು ಜನ ಅಪ್ರಾಮಾಣಿಕತೆಯೆಂದೇ ತಿಳಿಯುತ್ತಾರೆ. ಸಂವಾದದ ಸಾಲಿನಲ್ಲಿ ‘ಪ್ರಶ್ನೆಯನ್ನಾಗಲಿ ಆಕ್ಷೇಪವನ್ನಾಗಲಿ’ ಎಂದಿರುವುದು ಉದ್ದೇಶಪೂರ್ವಕ. ಆಕ್ಷೇಪಕ್ಕೆ ಹೆಸರು ಹಿಡಿದು ಜಾಗ ಕೊಟ್ಟರೆ, ಅದನ್ನು ಪ್ರಶ್ನೆಯ ರೂಪಕ್ಕೆ ತಿರುಗಿಸಲು ಯಾರೂ ಒದ್ದಾಡಬೇಕಾಗಿಲ್ಲ.

ನಿಜವಾದ ಸಂಗತಿಯೂ ಒಂದು ಕಡೆಗೆ ವಾಲಬಹುದು

ಪರಿಚಯದಲ್ಲಿ ಪಕ್ಷಪಾತ ಎಂದರೆ ಹೊಗಳಿಕೆ ಅಥವಾ ತೆಗಳಿಕೆ ಎಂದಷ್ಟೇ ತಿಳಿಯುವವರು ಬಹಳ. ಸತ್ಯವಾದ ಸಂಗತಿಯೊಂದನ್ನು ಆರಿಸಿ, ಅದನ್ನು ಒಂದು ಜಾಗದಲ್ಲಿ ಇಡುವುದರಿಂದಲೂ ಅದೇ ಪರಿಣಾಮವಾಗುತ್ತದೆ. ‘ರಾಜ್ಯ ಸಚಿವ ಸಂಪುಟವೇ ತಿರಸ್ಕರಿಸಿರುವ ವರದಿಯ ಬಗ್ಗೆ ಇವರು ಮಾತನಾಡಲಿದ್ದಾರೆ’ ಎಂಬ ವಾಕ್ಯದಲ್ಲಿ ಸುಳ್ಳೇನೂ ಇಲ್ಲ. ಆದರೆ ಅತಿಥಿ ಬಾಯಿ ತೆರೆಯುವ ಮುನ್ನವೇ ಅವರ ವಿಷಯ ಮುಗಿದ ಕಥೆ ಎಂದು ಅದು ಹೇಳುತ್ತದೆ. ಅದೇ ರೀತಿ, ‘ಈ ವರದಿ ಜಾರಿಯಾದರೆ ಒಕ್ಕಲೆಬ್ಬಿಸುತ್ತಾರೆ ಎಂಬ ತಪ್ಪು ತಿಳಿವಳಿಕೆ ಜನರಲ್ಲಿದೆ’ ಎಂದು ಪರಿಚಯ ಮಾಡುವವರು ಹೇಳಿದರೆ, ಅದು ಅತಿಥಿಯ ವಾದದ ಒಂದು ಭಾಗವನ್ನು ಸಂಸ್ಥೆಯ ಬಾಯಿಂದ ಹೇಳಿಸಿದಂತಾಗುತ್ತದೆ. ಆ ತಿಳಿವಳಿಕೆ ತಪ್ಪೇ ಆಗಿದ್ದರೂ ಅದನ್ನು ವರದಿಯ ಸಾಲು ತೋರಿಸಿ ಹೇಳಬೇಕಾದವರು ಅತಿಥಿ. ಮರುಪ್ರಶ್ನೆ ಕೇಳಲು ಅವರೆದುರು ಜನರಿಗೆ ಅವಕಾಶವಿರುತ್ತದೆ, ಪರಿಚಯ ಮಾಡಿ ಕುಳಿತವರೆದುರು ಇರುವುದಿಲ್ಲ.

ಹಾಗಾದರೆ ಸಂಪುಟದ ತೀರ್ಮಾನವನ್ನು ಹೇಳಲೇಬಾರದೇ? ಹೇಳಬಹುದು, ಪ್ರಾಸ್ತಾವಿಕ ನುಡಿಯಲ್ಲಿ, ಕೇಂದ್ರದ ಕರಡು ಅಧಿಸೂಚನೆಯ ಪಕ್ಕದಲ್ಲೇ ಇಟ್ಟು, ಎರಡಕ್ಕೂ ದಿನಾಂಕ ಹಚ್ಚಿ, ‘ಆದರೆ’ ಎಂಬ ಜೋಡಣೆ ಇಲ್ಲದೆ. ‘ಕೇಂದ್ರ ಕರಡು ಹೊರಡಿಸಿತು, ಆದರೆ ರಾಜ್ಯ ತಿರಸ್ಕರಿಸಿತು’ ಎಂಬಲ್ಲಿ ಭಾರವೆಲ್ಲ ಎರಡನೆಯ ಭಾಗದ ಮೇಲೆ ಬೀಳುತ್ತದೆ. ಕ್ರಮ ಬದಲಿಸಿದರೆ ಭಾರವೂ ಬದಲಾಗುತ್ತದೆ.

ಕ್ರಿಯಾಪದಗಳ ವಿಷಯದಲ್ಲೂ ಇದೇ ಎಚ್ಚರ ಬೇಕು. ‘ಬಯಲಿಗೆಳೆದಿದ್ದಾರೆ’, ‘ತೋರಿಸಿಕೊಟ್ಟಿದ್ದಾರೆ’ ಎಂದರೆ ಹೇಳಿದ್ದು ಸತ್ಯ ಎಂದು ನಾವು ಸಹಿ ಹಾಕಿದಂತೆ. ‘ಆರೋಪಿಸುತ್ತಾರೆ’, ‘ಎಂಬುದು ಅವರ ಅಂಬೋಣ’ ಎಂದರೆ ನಮಗೆ ಅನುಮಾನವಿದೆ ಎಂದಂತೆ. ‘ಅಧ್ಯಯನ ಮಾಡಿದ್ದಾರೆ’, ‘ಬರೆದಿದ್ದಾರೆ’, ‘ಎಂಬುದು ಅವರ ನಿಲುವು’ ಎಂಬ ಸರಳ ಮಾತುಗಳು ಎರಡೂ ಕಡೆಗೆ ವಾಲುವುದಿಲ್ಲ. ‘ನಾಡಿನ ಖ್ಯಾತ’, ‘ನಿರ್ಭೀತ’, ‘ವಿವಾದಾತ್ಮಕ’ ಎಂಬ ವಿಶೇಷಣಗಳಿಗೆ ಇಲ್ಲಿ ಕೆಲಸವಿಲ್ಲ. ಗೌರವ ತೋರುವುದಕ್ಕೆ ಬಹುವಚನ, ಸರಿಯಾದ ಹೆಸರು, ಹೆಸರಿನ ಸರಿಯಾದ ಉಚ್ಚಾರಣೆ ಇವು ಸಾಕು.

ಮಾತಿನ ಹೊರಗಿನ ಸಂಗತಿಗಳು

ವೇದಿಕೆಯ ಹಿಂದಿನ ಬ್ಯಾನರಿನಲ್ಲಿ ‘ಪಶ್ಚಿಮ ಘಟ್ಟ ಉಳಿಸಿ’ ಎಂದಿದ್ದರೆ ಪರಿಚಯದ ಸಮತೋಲನ ಯಾರಿಗೂ ಕಾಣುವುದಿಲ್ಲ. ‘ಪಶ್ಚಿಮ ಘಟ್ಟದ ವರದಿಗಳು: ಉಪನ್ಯಾಸ ಮತ್ತು ಸಂವಾದ’ ಎಂಬ ಸಾಲು ಬ್ಯಾನರಿಗೂ ಆಹ್ವಾನ ಪತ್ರಿಕೆಗೂ ಒಪ್ಪುತ್ತದೆ.

ಸನ್ಮಾನದ ವಿಷಯ ಇದಕ್ಕಿಂತ ಸೂಕ್ಷ್ಮ. ಅತಿಥಿಗೆ ಶಾಲು ಹೊದಿಸಿ, ಪೇಟ ತೊಡಿಸಿ, ಹಣ್ಣಿನ ಬುಟ್ಟಿ ಕೊಡುವುದು ನಮ್ಮಲ್ಲಿ ರೂಢಿಯಾದರೂ, ಈ ಸಭೆಯಲ್ಲಿ ಅದು ಅವರ ನಿಲುವಿಗೆ ಮಾಡಿದ ಸನ್ಮಾನವಾಗಿ ಕಾಣುತ್ತದೆ. ಏನೂ ಮಾಡದಿದ್ದರೆ ಅಪಚಾರವಾಗುತ್ತದೆ. ವೇದಿಕೆಯಲ್ಲಿರುವ ಎಲ್ಲರಿಗೂ ಒಂದೇ ಬಗೆಯ ಹೂವು ಅಥವಾ ಪುಸ್ತಕ ಕೊಟ್ಟು ಅಲ್ಲಿಗೇ ನಿಲ್ಲಿಸುವುದು ಸೂಕ್ತ.

ಅಧ್ಯಕ್ಷೀಯ ನುಡಿಯನ್ನೂ ಮುಂಚಿತವಾಗಿ ಯೋಚಿಸಬೇಕು. ಅಧ್ಯಕ್ಷರು ಸ್ಥಳೀಯ ಮುಖಂಡರಾಗಿದ್ದು, ಕೊನೆಯಲ್ಲಿ ಎದ್ದು ಅತಿಥಿಯ ಮಾತುಗಳನ್ನೆಲ್ಲ ಖಂಡಿಸಿ ಕುಳಿತರೆ ಅತಿಥಿಗೆ ಉತ್ತರಿಸುವ ಅವಕಾಶವೇ ಇರುವುದಿಲ್ಲ. ಅಧ್ಯಕ್ಷರು ವಿಷಯದ ಬಗ್ಗೆ ಮಾತನಾಡಬಯಸಿದರೆ ಸಂವಾದದಲ್ಲಿ ಮಾತನಾಡಲಿ ಎಂದು ಮೊದಲೇ ವಿನಂತಿಸುವುದು, ಅದಾಗದಿದ್ದರೆ ಅತಿಥಿಗೆ ಐದು ನಿಮಿಷದ ಮರುಮಾತಿಗೆ ಕಾರ್ಯಕ್ರಮ ಪಟ್ಟಿಯಲ್ಲೇ ಜಾಗವಿಡುವುದು ಸಂಘಟಕರ ಹೊಣೆ.

ಪರೀಕ್ಷೆ ಮತ್ತು ವೇದಿಕೆ

ಬರೆದದ್ದನ್ನು ಸಭೆಗೆ ಎರಡು ದಿನ ಮುಂಚೆ ಎರಡೂ ಕಡೆಯ ಒಬ್ಬೊಬ್ಬರಿಗೆ ಗಟ್ಟಿಯಾಗಿ ಓದಿ ಹೇಳಬೇಕು. ‘ಹೇಗಿದೆ’ ಎಂದು ಕೇಳಿದರೆ ‘ಚೆನ್ನಾಗಿದೆ’ ಎಂಬ ಉತ್ತರವೇ ಬರುತ್ತದೆ. ‘ಯಾವ ಪದ ಕೇಳಿದಾಗ ನಾನು ಆ ಕಡೆಗೆ ಸೇರಿದವನು ಅನ್ನಿಸಿತು’ ಎಂದು ಕೇಳಿದರೆ ಬೆರಳಿಟ್ಟು ತೋರಿಸುತ್ತಾರೆ. ಇಬ್ಬರೂ ಒಂದೇ ಪದವನ್ನು ತೋರಿಸಿದರೆ ಅದನ್ನು ತೆಗೆಯಬೇಕು. ಒಬ್ಬರು ಮಾತ್ರ ತೋರಿಸಿದರೆ, ಅದು ಸಂಗತಿಯೇ ಅಥವಾ ನಮ್ಮ ಬಣ್ಣವೇ ಎಂದು ನೋಡಿ ತೀರ್ಮಾನಿಸಬೇಕು. ಅತಿಥಿಯ ನಿಲುವಿನ ವಾಕ್ಯ ಬೆಳೆಗಾರರಿಗೆ ಹಿಡಿಸಲಿಲ್ಲ ಎಂಬ ಕಾರಣಕ್ಕೆ ಅದನ್ನು ಮೆದುಗೊಳಿಸಬಾರದು.

ವೇದಿಕೆಯಲ್ಲಿ ಕಾಗದ ನೋಡಿಯೇ ಓದಬೇಕು. ನೆನಪಿನಿಂದ ಮಾತನಾಡುವಾಗ ನಮ್ಮ ರೂಢಿಯ ವಿಶೇಷಣಗಳು ತಾವಾಗಿಯೇ ನುಸುಳುತ್ತವೆ. ಓದುವಾಗ ನೋಟ ಸಭಾಂಗಣದ ಒಂದೇ ಬದಿಯಲ್ಲಿ ನಿಲ್ಲಬಾರದು. ಭಿನ್ನಾಭಿಪ್ರಾಯದ ವಾಕ್ಯ ಬಂದಾಗ ಬೆಳೆಗಾರರು ಕುಳಿತ ಕಡೆಗೇ ತಿರುಗಿ ನೋಡುವುದು ಅವರನ್ನು ಬೊಟ್ಟು ಮಾಡಿ ತೋರಿಸಿದಂತೆ.

ನಡುವೆ ಯಾರಾದರೂ ಎದ್ದು ‘ಇವರನ್ನು ಯಾಕೆ ಕರೆಸಿದಿರಿ’ ಎಂದು ಕೇಳಿದರೆ ವಾದಕ್ಕಿಳಿಯಬಾರದು, ಕೇಳಿಸದಂತೆ ಮುಂದುವರಿಯಲೂಬಾರದು. ಓದುವುದನ್ನು ನಿಲ್ಲಿಸಿ, ‘ತಮ್ಮ ಮಾತು ಕೇಳಿಸಿತು ಸರ್. ಸಂವಾದದಲ್ಲಿ ಮೊದಲ ಅವಕಾಶ ತಮಗೇ ಕೊಡುತ್ತೇವೆ. ಈಗ ಪರಿಚಯ ಮುಗಿಸುತ್ತೇನೆ’ ಎಂದು ಅದೇ ದನಿಯಲ್ಲಿ ಹೇಳಿ, ನಿಲ್ಲಿಸಿದ ವಾಕ್ಯದ ಮೊದಲಿನಿಂದ ಓದಬೇಕು. ಕೊಟ್ಟ ಮಾತಿನಂತೆ ಮೊದಲ ಅವಕಾಶವನ್ನು ಅವರಿಗೇ ಕೊಡಬೇಕು. ಕೂಗಾಟ ನಿಲ್ಲದಿದ್ದರೆ ಅದು ಪರಿಚಯ ಮಾಡುವವರು ನಿಭಾಯಿಸುವ ಹಂತವನ್ನು ದಾಟಿರುತ್ತದೆ. ಅಲ್ಲಿ ಅಧ್ಯಕ್ಷರು ಮಾತನಾಡಬೇಕು.

ಪರಿಚಯ ವಾಲಿತೋ ಇಲ್ಲವೋ ಎಂಬುದು ಅಲ್ಲೇ ತಿಳಿಯುತ್ತದೆ. ಪರಿಚಯದ ನಡುವೆ ಒಂದೇ ಬದಿಯಿಂದ ಚಪ್ಪಾಳೆ ಬಂದರೆ ಆ ವಾಕ್ಯ ವಾಲಿದೆ. ಅತಿಥಿ ತಮ್ಮ ಮಾತನ್ನು ಪರಿಚಯದ ತಿದ್ದುಪಡಿಯಿಂದ ಆರಂಭಿಸಿದರೆ ನಿಲುವಿನ ವಾಕ್ಯ ಸರಿಯಿರಲಿಲ್ಲ. ಸಂವಾದದ ಮೊದಲ ಪ್ರಶ್ನೆ ಅತಿಥಿಗೆ ಬರದೆ ಸಂಘಟಕರಿಗೆ ಬಂದರೆ, ಸಭಿಕರು ಸಂಸ್ಥೆಯನ್ನೇ ಒಂದು ಪಕ್ಷವೆಂದು ಎಣಿಸಿದ್ದಾರೆ.

ಈ ಕ್ರಮಕ್ಕೆ ಒಂದು ಮಿತಿಯಿದೆ. ಜನರ ಒಂದು ಸಮುದಾಯವನ್ನೇ ಹೀಗಳೆಯುವುದಕ್ಕೆ, ಅವರ ಮೇಲೆ ಹಿಂಸೆಗೆ ಪ್ರಚೋದಿಸುವುದಕ್ಕೆ ಹೆಸರಾದವರನ್ನು ಸಮತೋಲನದ ಪರಿಚಯದಿಂದ ಸ್ವೀಕಾರಾರ್ಹರನ್ನಾಗಿ ಮಾಡಲಾಗದು, ಮಾಡಲೂಬಾರದು. ಕರೆಯಬೇಕೋ ಬೇಡವೋ ಎಂಬ ಆ ಪ್ರಶ್ನೆ ಆಹ್ವಾನ ಪತ್ರಿಕೆ ಅಚ್ಚಿಗೆ ಹೋಗುವ ಮುನ್ನ ತೀರ್ಮಾನವಾಗಬೇಕು. ಇಲ್ಲಿ ಹೇಳಿದ್ದೆಲ್ಲ ನೀತಿ, ಕಾನೂನು, ಜೀವನೋಪಾಯಗಳಂಥ ವಿಷಯಗಳಲ್ಲಿ ಸಭ್ಯವಾಗಿ ಭಿನ್ನಮತ ಹೊಂದಿರುವವರ ಸಭೆಗೆ.

ಪರಿಚಯದ ಒಂದು ಪ್ರತಿಯನ್ನು ವಂದನಾರ್ಪಣೆ ಮಾಡುವವರಿಗೂ ಕೊಟ್ಟಿರಬೇಕು. ‘ನಮ್ಮ ಕಣ್ಣು ತೆರೆಸಿದ ಉಪನ್ಯಾಸ’ ಎಂಬ ಒಂದು ಮಾತು ಕೊನೆಯಲ್ಲಿ ಬಂದರೆ ಅಲ್ಲಿಯವರೆಗಿನ ಎಚ್ಚರವೆಲ್ಲ ನೀರುಪಾಲಾಗುತ್ತದೆ. ಅತಿಥಿಗೆ ಅವರ ಸಮಯಕ್ಕಾಗಿ, ಉತ್ತರಗಳಿಗಾಗಿ ವಂದನೆ; ಪ್ರಶ್ನೆ ಕೇಳಿದವರಿಗೂ ಆಕ್ಷೇಪ ಹೇಳಿದವರಿಗೂ ಅದೇ ಅಳತೆಯ ವಂದನೆ; ಅತಿಥಿಯನ್ನು ಪರಿಚಯದಲ್ಲಿ ಯಾವ ಹೆಸರು ಮತ್ತು ಹುದ್ದೆಯಿಂದ ಕರೆದಿದ್ದೆವೋ ಇಲ್ಲಿಯೂ ಅದರಿಂದಲೇ ಕರೆಯಬೇಕು.